ಕೆರೆಯ ಚಿತ್ರ, ಅದರಡಿಯ ಆರು ಸಾಲು

ನೆಗಮಂ ಪೇಟೆಯಲ್ಲಿ ಮಗ್ಗದ ಮನೆಗಳಿರುವ ಬೀದಿಯೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಾನೇ ಒಂದು ಪ್ರಕಟಣೆ ಬರೆದು ಅಂಟಿಸಿದ್ದೆ. ಮೇಲೆ ಕಸ ತೇಲುವ ನೀರಿನ ಚಿತ್ರ, ಕೆಳಗೆ ಎರಡು ಸಾಲು: ಭಾನುವಾರ ಬೆಳಿಗ್ಗೆ ಕೆರೆ ಶುಚಿ ಮಾಡಲಿದ್ದೇವೆ, ಎಲ್ಲರೂ ಏರಿಯ ಮೇಲೆ ಸೇರಬೇಕು. ನಮ್ಮ ಮನೆಮಾತು ಕನ್ನಡ. ಏರಿಯೆಂದರೆ ನಮಗೆ ಕೆರೆಯ ಕಟ್ಟೆ. ಆದರೆ ಪ್ರಕಟಣೆಯನ್ನು ತಮಿಳಿಗೆ ತಿರುಗಿಸಿದ ಹುಡುಗ ಆ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದ. ತಮಿಳಿನಲ್ಲಿ ಏರಿಯೆಂದರೆ ಕೆರೆಯೇ ಹೊರತು ಕಟ್ಟೆಯಲ್ಲ. ಕಟ್ಟೆಗೆ ಅವರು ಕರೈ ಎನ್ನುತ್ತಾರೆ. ಪರಿಣಾಮವಾಗಿ ಬಂದವರಲ್ಲಿ ಅರ್ಧ ಜನ ಕಟ್ಟೆಯ ಮೇಲೆ ಕಾದರು, ಇನ್ನರ್ಧ ಜನ ಕೆರೆಯ ಆಚೆ ಬದಿಯ ಅಂಗಳದಲ್ಲಿ ಕಾದರು. ಒಬ್ಬರಿಗೊಬ್ಬರು ಕಾಣುವ ಹೊತ್ತಿಗೆ ಬಿಸಿಲೇರಿತ್ತು, ಹಲವರು ಮನೆಗೆ ಮರಳಿದ್ದರು.

ನ್ಯಾಯವಾದಿಯಾಗಿ ನಾನು ದಿನವೂ ನೋಟೀಸುಗಳನ್ನು ಬರೆಯುತ್ತೇನೆ. ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕರಲ್ಲಿ ಒಂದು ತಪ್ಪಿದರೂ ನೋಟೀಸು ಬಿದ್ದುಹೋಗುತ್ತದೆ. ಆದರೂ ಕೆರೆಯ ಪ್ರಕಟಣೆಯಲ್ಲಿ ಆ ಎಚ್ಚರವನ್ನು ಮರೆತೆ. ಈಗ ಮಳೆಗಾಲದ ಮುನ್ನ ನಮ್ಮ ಶಾಲಾ ಕುಟುಂಬಗಳು ಅಲ್ಲಲ್ಲಿ ಶ್ರಮದಾನಕ್ಕೆ ಸಿದ್ಧವಾಗುತ್ತಿರುವುದರಿಂದ, ಇಂಥ ಚಿತ್ರದಡಿಯ ಬರಹದಲ್ಲಿ ಏನಿರಬೇಕು, ಪ್ರತಿ ಸಾಲಿನ ಹಿಂದೆ ಯಾವ ಕೆಲಸ ಮುಗಿದಿರಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಕಡ್ಡಾಯದಿಂದ ಕರೆಗೆ

ಕೆರೆಯ ಕೆಲಸಕ್ಕೆ ಜನರನ್ನು ಸೇರಿಸುವುದು ಈ ನಾಡಿಗೆ ಹೊಸದಲ್ಲ. ತಮಿಳುನಾಡಿನಲ್ಲಿ ಅದಕ್ಕೆ ಕುಡಿಮರಾಮತ್ತು ಎಂಬ ಹೆಸರಿದೆ. ಕೆರೆಯ ನೀರುಂಬುವ ಕುಟುಂಬಗಳು ವರ್ಷಕ್ಕೊಮ್ಮೆ ಕಾಲುವೆಯ ಹೂಳೆತ್ತಿ, ತೂಬು ಮತ್ತು ಕಟ್ಟೆಗಳನ್ನು ದುರಸ್ತಿ ಮಾಡುವ ವಾಡಿಕೆ ಅದು. ಆ ವಾಡಿಕೆ ಸಡಿಲಗೊಂಡಾಗ ಮದರಾಸು ಸರ್ಕಾರ 1858ರಲ್ಲಿ ಕಡ್ಡಾಯ ದುಡಿಮೆಯ ಕಾಯಿದೆಯೊಂದನ್ನು ತಂದಿತು. ರೂಢಿಯಲ್ಲಿದ್ದ ಕೆರೆ ಕೆಲಸಕ್ಕೆ ಬಾರದವನು ಆ ದುಡಿಮೆಯ ಬೆಲೆಯ ಎರಡರಷ್ಟನ್ನು ತೆರಬೇಕೆಂದು ಅದು ವಿಧಿಸಿತು. ಕುಡಿಮರಾಮತ್ತು ಎಂಬ ಅದೇ ಹೆಸರಿನಲ್ಲಿ ರಾಜ್ಯ ಸರ್ಕಾರ 2017ರಲ್ಲಿ ಕೆರೆ ದುರಸ್ತಿಯ ಯೋಜನೆಯನ್ನು ಆರಂಭಿಸಿತು. ಈಗ ಬಾರದವರ ಮೇಲೆ ದಂಡವಿಲ್ಲ. ಅಂದು ಕಾಯಿದೆ ಮಾಡುತ್ತಿದ್ದ ಕೆಲಸವನ್ನು ಇಂದು ಚಿತ್ರದಡಿಯ ಆರು ಸಾಲುಗಳೇ ಮಾಡಬೇಕಾಗಿದೆ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೊಂದು ಮಾದರಿ ಇದೆ. ಕೋವೈ ಕುಳಂಗಳ್ ಪಾದುಕಾಪ್ಪು ಅಮೈಪ್ಪು ಎಂಬ ನಾಗರಿಕರ ಕೂಟ 2017ರಲ್ಲಿ ಪೇರೂರು ದೊಡ್ಡಕೆರೆಯಲ್ಲಿ ಕೆಲಸ ಆರಂಭಿಸಿ, ಭಾನುವಾರದ ಬೆಳಗುಗಳನ್ನು ಕೊಯಮತ್ತೂರಿನ ಕೆರೆಗಳಿಗೆ ಮೀಸಲಿಟ್ಟಿತು. ಅದಕ್ಕೂ ಮೊದಲು 2003ರಲ್ಲಿ ಹುಟ್ಟಿದ ಸಿರುತುಳಿ ಸಂಸ್ಥೆ ನೊಯ್ಯಲ್ ನದಿಯ ಕೆರೆಗಳಿಗಾಗಿ ದುಡಿಯುತ್ತ ಬಂದಿತ್ತು. ಕುಳಂಗಳ್ ಕೂಟದ ಕೆಲಸದಲ್ಲಿ ನಾನು ಗಮನಿಸಿದ ಸಂಗತಿಗಳು ಎರಡು.

ಮೊದಲನೆಯದು, ವಾರ ಬದಲಾಗದ ಕಟ್ಟುನಿಟ್ಟು. ದಿನ ಮತ್ತು ಹೊತ್ತು ಒಂದೇ ಆಗಿದ್ದರೆ ಪ್ರಕಟಣೆ ಓದದವರಿಗೂ ಭಾನುವಾರ ಬೆಳಿಗ್ಗೆ ಎಂಬುದು ನೆನಪಿನಲ್ಲಿ ಉಳಿಯುತ್ತದೆ. ಆಗ ವಾರವಾರವೂ ಬದಲಾಗುವುದು ಸ್ಥಳದ ಸಾಲೊಂದೇ. ವರ್ಷಕ್ಕೊಮ್ಮೆ ಐನೂರು ಜನರನ್ನು ಕರೆಯುವುದಕ್ಕಿಂತ ತಿಂಗಳಿಗೊಮ್ಮೆ ನಲವತ್ತು ಜನರನ್ನು ಅದೇ ದಿನ ಕರೆಯುವುದು ಸುಲಭ, ಕೆಲಸವೂ ಹೆಚ್ಚು.

ಎರಡನೆಯದು ವೆಳ್ಳಲೂರು ಕೆರೆಯ ಪಾಠ. ಆ ಕೆರೆ ಅನೇಕ ವರ್ಷಗಳಿಂದ ಬತ್ತಿ ಬಿದ್ದಿತ್ತು. ಅಂಗಳವನ್ನು ಮಾತ್ರ ಗುಡಿಸಿದ್ದರೆ ಶುಚಿಯಾದ ಒಣ ಕೆರೆಯೊಂದು ಉಳಿಯುತ್ತಿತ್ತು. ನೊಯ್ಯಲ್‌ನಿಂದ ನೀರು ತರುವ ಕಾಲುವೆ ಒತ್ತುವರಿ, ಹೂಳು, ಗಿಡಗಂಟಿಗಳಿಂದ ಮುಚ್ಚಿತ್ತು. ಅದನ್ನು ತೆರವು ಮಾಡಿದ ಮೇಲೆಯೇ ನೀರು ಕೆರೆಗೆ ಬಂತು. ಕಟ್ಟೆಯ ಮೇಲೆ ಗಿಡಗಳನ್ನು ನೆಡುವ ಕೆಲಸ ನಡೆದದ್ದು ಆ ಬಳಿಕ. ಆದ್ದರಿಂದ ಪ್ರಕಟಣೆ ಬರೆಯುವ ಮುನ್ನ ಕೆರೆಯ ಸುತ್ತ ಒಂದು ಬಾರಿ ನಡೆದು ನೋಡಬೇಕು. ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಂದ ಬರುತ್ತದೆ, ಕೋಡಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಯಾವ ಜಾಗದಲ್ಲಿ ಜನರನ್ನು ನಿಲ್ಲಿಸಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೆರೆ ಯಾರದು?

ಪ್ರಕಟಣೆಯ ಮೊದಲ ಸಾಲು ಕರೆಯುವವರ ಹೆಸರು. ಅದರ ಹಿಂದೆ ಇರಬೇಕಾದದ್ದು ಅನುಮತಿ. ತಮಿಳುನಾಡಿನಲ್ಲಿ ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಜಲಸಂಪನ್ಮೂಲ ಇಲಾಖೆಯ ಕೈಯಲ್ಲಿವೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ಒಕ್ಕೂಟದ ಅಥವಾ ಸ್ಥಳೀಯ ಸಂಸ್ಥೆಯ ಕೈಯಲ್ಲಿವೆ. ನೆಗಮಂ ಪೇರೂರಾಟ್ಚಿ, ಅಂದರೆ ಪಟ್ಟಣ ಪಂಚಾಯಿತಿ. ಕೆರೆ ಯಾರದೆಂದು ಅನುಮಾನವಿದ್ದರೆ ಗ್ರಾಮ ಆಡಳಿತಾಧಿಕಾರಿಯ ಕಚೇರಿಯಲ್ಲಿ ಎ-ರಿಜಿಸ್ಟರ್ ನೋಡಬೇಕು. ಪ್ರತಿಯೊಂದು ಸರ್ವೆ ನಂಬರಿನ ಎದುರು ಜಮೀನು ಖಾಸಗಿಯೋ, ಪುರಂಬೋಕೋ, ಯಾವ ಬಗೆಯ ಪುರಂಬೋಕು ಎಂಬುದು ಅದರಲ್ಲಿರುತ್ತದೆ. ಕೆರೆಗೆ ಸೇರುವ ಕಾಲುವೆಗೆ ಬೇರೆಯೇ ಸರ್ವೆ ನಂಬರು ಇರಬಹುದು. ಅದನ್ನೂ ಬರೆದುಕೊಳ್ಳಬೇಕು.

ಅನುಮತಿಯ ಅರ್ಜಿ ಒಂದು ಪುಟ ಸಾಕು. ದಿನಾಂಕ, ಹೊತ್ತು, ಕೆಲಸದ ಮಿತಿ, ಬರುವವರ ಅಂದಾಜು ಸಂಖ್ಯೆ, ಕಸ ಸಾಗಿಸಲು ವಾಹನದ ಕೋರಿಕೆ. ಅರ್ಜಿಯ ನಕಲಿನ ಮೇಲೆ ಕಚೇರಿಯ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಕೆಲಸದ ಮಿತಿಯಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆಯಬೇಕು: ಕಸ ಮತ್ತು ಕಳೆಯನ್ನು ಮಾತ್ರ ತೆಗೆಯುತ್ತೇವೆ, ಮಣ್ಣನ್ನು ಹೊರಗೆ ಒಯ್ಯುವುದಿಲ್ಲ. ಕೆರೆಯ ವಂಡಲ್ ಮಣ್ಣು ಈ ರಾಜ್ಯದಲ್ಲಿ ಉಪಖನಿಜ ನಿಯಮಗಳಿಗೆ ಒಳಪಟ್ಟದ್ದು. ಸೇವೆಗೆ ಬಂದವರ ಟ್ರಾಕ್ಟರಿನಲ್ಲಿ ಪರವಾನಗಿಯಿಲ್ಲದೆ ಮಣ್ಣು ಹೋದರೆ ಸೇವೆ ಮೊಕದ್ದಮೆಯಾಗುತ್ತದೆ.

ಒತ್ತುವರಿ ಕಂಡರೆ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ಬೇಲಿ ಕೀಳಬಾರದು, ಜಗಳವಾಡಬಾರದು. ಮದರಾಸು ಉಚ್ಚ ನ್ಯಾಯಾಲಯ 2005ರಲ್ಲಿ ಎಲ್. ಕೃಷ್ಣನ್ ಪ್ರಕರಣದಲ್ಲಿ ಜಲಮೂಲಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ಕಾರಕ್ಕೆ ನಿರ್ದೇಶನ ನೀಡಿತು. ಅದರ ಬೆನ್ನಿಗೇ 2007ರಲ್ಲಿ ತಮಿಳುನಾಡು ಕೆರೆಗಳ ರಕ್ಷಣೆ ಮತ್ತು ಒತ್ತುವರಿ ತೆರವು ಕಾಯಿದೆ ಬಂತು. ಮೊದಲು ಅಳತೆ, ಆಮೇಲೆ ನೋಟೀಸು, ಆಮೇಲೆ ತೆರವು ಎಂಬ ಕ್ರಮ ಅದರದು, ಆ ಅಧಿಕಾರ ಇರುವುದು ಅಧಿಕಾರಿಗೆ. ಸ್ವಯಂಸೇವಕರು ಮಾಡಬಹುದಾದದ್ದು ಜಾಗದ ಚಿತ್ರ ತೆಗೆದು, ಸರ್ವೆ ನಂಬರು ಬರೆದು, ಲಿಖಿತ ದೂರು ಕೊಡುವುದು. ಭಾನುವಾರದ ಬೆಳಗು ಅದಕ್ಕಲ್ಲ.

ದಿನ ಮತ್ತು ಹೊತ್ತು

ಎರಡನೆಯ ಸಾಲು ದಿನಾಂಕ. ನಮ್ಮ ಭಾಗದಲ್ಲಿ ಕೆರೆ ತುಂಬಿಸುವ ಮಳೆ ಮುಖ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದ್ದು. ಕಾಲುವೆಯ ಕಸ ಆ ಮೊದಲೇ ಹೊರಬರಬೇಕು, ಇಲ್ಲದಿದ್ದರೆ ಮೊದಲ ಮಳೆಯೇ ಅದನ್ನು ಕೆರೆಯೊಳಕ್ಕೆ ನೂಕುತ್ತದೆ. ವಿನಾಯಕ ಚತುರ್ಥಿಯ ವಿಸರ್ಜನೆ ಮುಗಿದ ಮೇಲಿನ ಮತ್ತು ಸೆಪ್ಟೆಂಬರ್ ತ್ರೈಮಾಸಿಕ ಪರೀಕ್ಷೆಗೆ ಮೊದಲಿನ ಭಾನುವಾರ ಶಾಲಾ ಕುಟುಂಬಗಳಿಗೆ ಅನುಕೂಲವಾದದ್ದು. ಪರೀಕ್ಷೆಯ ಹಿಂದಿನ ದಿನ ಇಟ್ಟರೆ ತಾಯಂದಿರು ಬರುವುದಿಲ್ಲ, ಅವರು ಬಾರದಿದ್ದರೆ ಮಕ್ಕಳೂ ಬರುವುದಿಲ್ಲ.

ಹೊತ್ತನ್ನು ಬರೆಯುವಾಗ ಆರಂಭದ ಜೊತೆಗೆ ಮುಕ್ತಾಯವನ್ನೂ ಬರೆಯಬೇಕು. ಮುಗಿಯುವ ಹೊತ್ತು ತಿಳಿಯದ ಕೆಲಸಕ್ಕೆ ಮಗ್ಗದ ಮೇಲೆ ಸೀರೆ ಬಿಟ್ಟು ಬರುವವರು ಕಡಿಮೆ. ಬೆಳಿಗ್ಗೆ ಆರೂವರೆಗೆ ಸೇರಿ, ಏಳರಿಂದ ಎಂಟೂವರೆಯವರೆಗೆ ಕಸ ಹೆಕ್ಕಿ, ಒಂಬತ್ತರೊಳಗೆ ವಿಂಗಡಿಸಿ ವಾಹನಕ್ಕೆ ಏರಿಸಿದರೆ ಬಿಸಿಲಿಗೆ ಮುನ್ನ ಮನೆ ಸೇರಬಹುದು. ಹಿಂದಿನ ಎರಡು ದಿನ ಜೋರು ಮಳೆಯಾಗಿದ್ದರೆ ಕೆಲಸ ಮುಂದೂಡಲಾಗುವುದೆಂದು ಅದೇ ಸಾಲಿನಲ್ಲಿ ತಿಳಿಸಬೇಕು. ಕಟ್ಟೆ ಜಾರುತ್ತದೆ, ಹಾವುಗಳು ಬಿಲದಿಂದ ಹೊರಬಂದಿರುತ್ತವೆ, ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಗುಲಿದರೆ ಇಲಿ ಜ್ವರ ಬರಬಹುದು.

ಸೇರುವ ಜಾಗ

ನನ್ನ ಏರಿಯ ಪ್ರಮಾದ ಕಲಿಸಿದ ಪಾಠ ಇದು: ಸೇರುವ ಜಾಗ ಒಂದು ಬಿಂದುವಾಗಿರಬೇಕು, ಪ್ರದೇಶವಾಗಿರಬಾರದು. ಕೆರೆಯ ಹತ್ತಿರ ಎನ್ನಬೇಡಿ. ತೂಬಿನ ಕಲ್ಲಿನ ಎದುರು, ಕೋಡಿಯ ಪಕ್ಕದ ಆಲದ ಮರದ ಕೆಳಗೆ, ಗುಡಿಯ ಮೆಟ್ಟಿಲ ಬಳಿ ಎನ್ನಿ. ಬಸ್ಸಿನಿಂದ ಇಳಿಯುವವರು ಯಾವ ನಿಲ್ದಾಣದಿಂದ ಎಷ್ಟು ನಿಮಿಷ ನಡೆಯಬೇಕೆಂದು ಸೇರಿಸಿ. ಕೊಂಗುನಾಡಿನಲ್ಲಿ ಕೆರೆಗೆ ಕುಳಂ ಎಂಬುದು ವಾಡಿಕೆಯ ಮಾತು. ಕನ್ನಡದ ಸಾಲಿನಲ್ಲಿಯೂ ಕೆರೆಗೆ ಊರವರು ಕರೆಯುವ ಹೆಸರನ್ನೇ ಇಡಿ. ಪ್ರಕಟಣೆ ಎರಡೂ ಭಾಷೆಯಲ್ಲಿರಲಿ. ನಮ್ಮ ಮಕ್ಕಳು ಎರಡೂ ಲಿಪಿ ಬಲ್ಲವರು, ಆದರೆ ಅನುವಾದವನ್ನು ತಮಿಳು ಮನೆಮಾತಿನವರೊಬ್ಬರು ಓದಿ ಒಪ್ಪಿದ ಮೇಲೆಯೇ ಅಂಟಿಸಿ.

ಮೇಲಿನ ಚಿತ್ರವೂ ಇದೇ ಕೆಲಸಕ್ಕೆ ಒದಗಬೇಕು. ಕಸದ ರಾಶಿಯ ಚಿತ್ರ ಮನಸ್ಸನ್ನು ಕಲಕಬಹುದು, ಆದರೆ ಅದು ಯಾವ ಕೆರೆಯೆಂದು ಯಾರಿಗೂ ತಿಳಿಯದು. ಸೇರುವ ಬಿಂದುವಿನ ಎದುರು ನಿಂತು, ಆ ಮರ ಅಥವಾ ತೂಬು ಎದ್ದು ಕಾಣುವಂತೆ ಚಿತ್ರ ತೆಗೆಯಿರಿ. ಚಿತ್ರದಲ್ಲಿ ಕಾಣುವ ಆಲದ ಮರದ ಕೆಳಗೆ ಎಂದು ಅಡಿಬರಹ ಆರಂಭವಾದರೆ ಚಿತ್ರವೇ ನಕ್ಷೆಯಾಗುತ್ತದೆ.

ತರಬೇಕಾದದ್ದು, ತರಬಾರದ್ದು

ನಲವತ್ತು ಜನ ಬರುತ್ತಾರೆಂದು ಇಟ್ಟುಕೊಳ್ಳೋಣ. ಇಬ್ಬಿಬ್ಬರ ಜೋಡಿ ಮಾಡಿದರೆ ಇಪ್ಪತ್ತು ಜೋಡಿ. ಒಬ್ಬರು ಚೀಲ ಹಿಡಿದು ಇನ್ನೊಬ್ಬರು ಹೆಕ್ಕಿದರೆ ಒಂದೂವರೆ ಗಂಟೆಯಲ್ಲಿ ಜೋಡಿಯೊಂದು ಮೂರು ಚೀಲ ತುಂಬಬಹುದೆಂದು ಲೆಕ್ಕ ಹಿಡಿದರೆ ಅರವತ್ತು ಚೀಲಗಳಾಗುತ್ತವೆ. ಅರವತ್ತು ತುಂಬಿದ ಚೀಲ ಒಂದು ಆಟೋದಲ್ಲಿ ಹೋಗುವಂಥದ್ದಲ್ಲ. ಆದ್ದರಿಂದ ಪಟ್ಟಣ ಪಂಚಾಯಿತಿಯ ವಾಹನ ಒಂಬತ್ತು ಗಂಟೆಗೆ ಬಂದೇ ಬರುತ್ತದೆ ಎಂಬ ಮಾತು ಪಡೆಯದೆ ಪ್ರಕಟಣೆ ಹೊರಡಿಸಬಾರದು. ಶ್ರಮದಾನಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕಟ್ಟೆಯ ಮೇಲೆ ಸಾಲಾಗಿ ಇಟ್ಟ ಚೀಲಗಳ ಚಿತ್ರ ಚೆನ್ನಾಗಿ ಬರುತ್ತದೆ. ವಾಹನ ಬಾರದಿದ್ದರೆ ನಾಯಿ, ದನ, ಗಾಳಿ ಸೇರಿ ಅವನ್ನು ಹರಿದು ವಾರದೊಳಗೆ ಮತ್ತೆ ನೀರಿಗೆ ಸೇರಿಸುತ್ತವೆ. ಬೇಸತ್ತು ಬೆಂಕಿ ಹಚ್ಚುವುದು ಇನ್ನೂ ಕೆಟ್ಟದ್ದು, ಘನತ್ಯಾಜ್ಯ ನಿಯಮಗಳು ಅದನ್ನು ನಿಷೇಧಿಸಿವೆ.

ಚೀಲ, ರಬ್ಬರು ಲೇಪಿಸಿದ ಕೈಗವಸು, ಕುಡುಗೋಲು, ಸನಿಕೆ, ಉದ್ದ ಹಿಡಿಯ ಕೊಕ್ಕೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವನ್ನು ಸಂಘಟಕರೇ ಒದಗಿಸಬೇಕು. ಬರುವವರಿಂದ ಕೇಳಬೇಕಾದದ್ದು ಮೈಮೇಲಿನದು ಮಾತ್ರ: ಬೆರಳು ಮುಚ್ಚುವ ಗಟ್ಟಿ ಅಡಿಯ ಪಾದರಕ್ಷೆ, ತುಂಬುತೋಳಿನ ಅಂಗಿ, ಟೋಪಿ ಅಥವಾ ತಲೆವಸ್ತ್ರ, ಸ್ಟೀಲಿನ ಬಾಟಲಿಯಲ್ಲಿ ನೀರು, ಒಂದು ಲೋಟ, ಬದಲಿ ಬಟ್ಟೆ. ಚಪ್ಪಲಿ ಹಾಕಿ ಬಂದವರನ್ನು ಕಸ ಹೆಕ್ಕಲು ಬಿಡಬಾರದು. ಕೆರೆಯ ಅಂಚಿನಲ್ಲಿ ಅತಿ ಹೆಚ್ಚು ಅಪಾಯ ಒಡೆದ ಮದ್ಯದ ಬಾಟಲಿಯಿಂದ. ತರಬಾರದ್ದನ್ನೂ ಬರೆಯಿರಿ: ಕಾಗದದ ಲೋಟ, ನೀರಿನ ಪ್ಯಾಕೆಟ್, ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದ ತಿಂಡಿ. ಶುಚಿ ಮಾಡಲು ಬಂದವರ ಲೋಟಗಳೇ ಕೊನೆಯ ಚೀಲ ತುಂಬುವುದನ್ನು ನಾನು ಕಂಡಿದ್ದೇನೆ.

ಹೆಕ್ಕಿದ್ದನ್ನು ಅಲ್ಲಿಯೇ ವಿಂಗಡಿಸಬೇಕು. ಪ್ಲಾಸ್ಟಿಕ್, ಗಾಜು, ಬಟ್ಟೆ ಮತ್ತು ಉಳಿದದ್ದು ಎಂದು ನಾಲ್ಕು ರಾಶಿ ಸಾಕು. ಹೂವು, ಕುಂಬಳ, ಬಾಳೆಕಂದುಗಳಂಥ ಪೂಜೆಯ ಹಸಿಕಸವನ್ನು ಬೇರೆ ಇಡಬೇಕು. ಸೂಜಿ, ಸಿರಿಂಜು, ಔಷಧದ ಶೀಷೆ ಕಂಡರೆ ಯಾರೂ ಮುಟ್ಟಬಾರದು. ಆ ಜಾಗಕ್ಕೆ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ ಪಂಚಾಯಿತಿಯ ಸಿಬ್ಬಂದಿಗೆ ತೋರಿಸಬೇಕು.

ನೀರಿನ ಮೇಲಿನ ಕಳೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ತಮಿಳಿನಲ್ಲಿ ಆಗಾಯತ್ತಾಮರೈ ಎನ್ನುವ, ನೇರಳೆ ಹೂವಿನ ತೇಲುವ ಕಳೆ ನೋಡಲು ಹಗುರ, ಎಳೆದರೆ ಭಾರ. ಅದರ ತೂಕದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರು. ಕೊಳಚೆ ಸೇರುವ ಬೆಚ್ಚನೆಯ ನೀರಿನಲ್ಲಿ ಅದು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಒಂದು ಬೆಳಿಗ್ಗೆ ಅರ್ಧ ಕೆರೆಯ ಕಳೆ ತೆಗೆದರೂ ಕೊಳಚೆಯ ಮೋರಿ ತೆರೆದೇ ಇದ್ದರೆ ತಿಂಗಳೊಳಗೆ ಎಲ್ಲವೂ ಮರಳಿರುತ್ತದೆ. ಹಾಗೆ ಕಳೆ ದಟ್ಟವಾಗಿರುವ ಕೆರೆಯಲ್ಲಿ ಸ್ವಯಂಸೇವಕರನ್ನು ನೀರಿಗಿಳಿಸಬೇಡಿ. ಮೊದಲು ಮೋರಿಯ ಬಾಯಿ ಯಾವುದೆಂದು ಗುರುತಿಸಿ ಸ್ಥಳೀಯ ಸಂಸ್ಥೆಗೆ ಬರೆಯಿರಿ, ಕಾಲುವೆ ಮತ್ತು ದಡದ ಕಸಕ್ಕೆ ಮಾತ್ರ ಕೈ ಹಾಕಿ. ಬಳ್ಳಾರಿ ಜಾಲಿಯನ್ನು ಕಡಿಯುವ ಮುನ್ನವೂ ಅದರಲ್ಲಿ ಹಕ್ಕಿಗೂಡುಗಳಿವೆಯೇ ಎಂದು ನೋಡಬೇಕು.

ಮಕ್ಕಳ ಸಾಲು

ನಮ್ಮ ಓದುಗರ ಮಟ್ಟಿಗೆ ಇದು ಪ್ರತ್ಯೇಕ ಸಾಲಾಗಿಯೇ ಇರಬೇಕು. ಹದಿನೆಂಟು ತುಂಬದವರು ತಂದೆತಾಯಿಯ ಲಿಖಿತ ಒಪ್ಪಿಗೆಯೊಡನೆ, ದೊಡ್ಡವರೊಬ್ಬರ ಜೊತೆಯಲ್ಲಿ ಮಾತ್ರ ಬರಬೇಕು. ನೀರು, ಗಾಜು, ಕುಡುಗೋಲು ಈ ಮೂರೂ ಅವರಿಗೆ ಸಲ್ಲವು. ಅವರಿಗೆ ಹೊಂದುವ ಕೆಲಸ ಕಟ್ಟೆಯ ಮೇಲಿದೆ: ಬಂದವರ ಹೆಸರು ಬರೆಯುವುದು, ಚೀಲಗಳನ್ನು ಎಣಿಸುವುದು, ರಾಶಿಗಳಿಗೆ ಎರಡೂ ಭಾಷೆಯಲ್ಲಿ ಚೀಟಿ ಇಡುವುದು. ಮುಖ ಕಾಣುವ ಚಿತ್ರ ಪ್ರಕಟಿಸುವುದಾದರೆ ಅದಕ್ಕೂ ಒಪ್ಪಿಗೆ ಪಡೆಯಿರಿ. ಶಾಲೆಯ ಹಾಜರಿ, ಅಂಕಗಳೊಂದಿಗೆ ಇದನ್ನು ತಳುಕು ಹಾಕಬಾರದು. ಹಾಗೆ ಮಾಡಿದರೆ 1858ರ ಕಾಯಿದೆ ಬೇರೆ ವೇಷದಲ್ಲಿ ಮರಳಿದಂತೆ.

ಮಾದರಿಯ ಬರಹ

ಈ ಎಲ್ಲವನ್ನೂ ಸೇರಿಸಿದರೆ ಚಿತ್ರದಡಿಯ ಬರಹ ಹೀಗಾಗುತ್ತದೆ. ದಿನಾಂಕ ಮತ್ತು ಜಾಗ ಉದಾಹರಣೆಗಾಗಿ ಮಾತ್ರ, ನಿಮ್ಮ ಊರಿನದನ್ನು ಸೇರಿಸಿಕೊಳ್ಳಿ.

"ಚಿತ್ರದಲ್ಲಿ ಕಾಣುವ ಆಲದ ಮರದ ಕೆಳಗೆ, ಕುಳದ ಕೋಡಿಯ ಪಕ್ಕ, ಸೆಪ್ಟೆಂಬರ್ 7, ಭಾನುವಾರ ಬೆಳಿಗ್ಗೆ 6:30ಕ್ಕೆ ಸೇರೋಣ. ಬಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ.

ಕೆಲಸ: ನೀರು ಬರುವ ಕಾಲುವೆಯ ಕಸ ತೆಗೆಯುವುದು, ವಿಂಗಡಿಸುವುದು. ನೀರಿಗೆ ಇಳಿಯುವುದಿಲ್ಲ. 9 ಗಂಟೆಗೆ ಮುಕ್ತಾಯ.

ತರಬೇಕಾದದ್ದು: ಬೆರಳು ಮುಚ್ಚುವ ಪಾದರಕ್ಷೆ, ತುಂಬುತೋಳಿನ ಅಂಗಿ, ಟೋಪಿ, ನೀರಿನ ಬಾಟಲಿ, ಲೋಟ, ಬದಲಿ ಬಟ್ಟೆ. ಕೈಗವಸು, ಚೀಲ, ಉಪಕರಣ ಇಲ್ಲಿ ಸಿಗುತ್ತವೆ. ಕಾಗದದ ಲೋಟ, ಪ್ಲಾಸ್ಟಿಕ್ ಬೇಡ.

ಮಕ್ಕಳು ದೊಡ್ಡವರೊಡನೆ ಒಪ್ಪಿಗೆ ಪತ್ರ ತರಬೇಕು, ಕಟ್ಟೆಯ ಮೇಲಿನ ಕೆಲಸ ಮಾತ್ರ.

ಪಟ್ಟಣ ಪಂಚಾಯಿತಿಯ ಅನುಮತಿ ಇದೆ, ಕಸದ ವಾಹನ ಬರುತ್ತದೆ. ಶುಕ್ರವಾರ, ಶನಿವಾರ ಜೋರು ಮಳೆಯಾದರೆ ಮುಂದಿನ ಭಾನುವಾರ.

ಬರುವವರು ಗುರುವಾರದೊಳಗೆ ಸಂಚಾಲಕರಿಗೆ ತಿಳಿಸಿರಿ." ಕೊನೆಗೆ ಸಂಚಾಲಕರ ಹೆಸರು, ದೂರವಾಣಿ.

ಗುರುವಾರದ ಗಡುವು ಸುಮ್ಮನೆ ಇಟ್ಟದ್ದಲ್ಲ. ಎಷ್ಟು ಜನ ಬರುತ್ತಾರೆಂದು ಎರಡು ದಿನ ಮೊದಲು ತಿಳಿದರೆ ಮಾತ್ರ ಕೈಗವಸು ಸಾಕಾಗುವಷ್ಟು ತರಬಹುದು, ದೊಡ್ಡ ವಾಹನ ಬೇಕೋ ಚಿಕ್ಕದು ಸಾಕೋ ಎಂದು ಪಂಚಾಯಿತಿಗೆ ಹೇಳಬಹುದು. ಹೆಸರು ಕೊಟ್ಟವರಲ್ಲಿ ಎಲ್ಲರೂ ಬರುವುದಿಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೆಲಸ ಮುಗಿದ ಮೇಲೆ ಅದೇ ಮರದ ಎದುರು ನಿಂತು ಇನ್ನೊಂದು ಚಿತ್ರ ತೆಗೆಯಿರಿ. ಅದರ ಕೆಳಗೆ ಮೂರು ಸಾಲು ಬರೆದು ಅದೇ ಗೋಡೆಗೆ ಅಂಟಿಸಿ: ಬಂದವರು ಇಷ್ಟು ಮಂದಿ, ತುಂಬಿದ ಚೀಲಗಳು ಇಷ್ಟು, ವಾಹನ ಹೊರಟದ್ದು ಇಷ್ಟು ಹೊತ್ತಿಗೆ. ಮುಂದಿನ ತಿಂಗಳು ಅದೇ ಜಾಗದಲ್ಲಿ ಚೀಲಗಳ ಸಂಖ್ಯೆ ಇಳಿದಿದ್ದರೆ ಕಸ ಬರುವುದು ಕಡಿಮೆಯಾಗಿದೆಯೆಂದು ಅರ್ಥ. ಇಳಿಯದಿದ್ದರೆ ಕಾಲುವೆಯಲ್ಲಿ ಇನ್ನೂ ಮೇಲಕ್ಕೆ ನಡೆದು, ಅದು ಎಲ್ಲಿಂದ ಬೀಳುತ್ತಿದೆ ಎಂದು ಹುಡುಕಬೇಕು. ಮುಂದಿನ ಪ್ರಕಟಣೆಯ ಸೇರುವ ಜಾಗ ಆಗ ಅಲ್ಲಿಗೆ ಬದಲಾಗುತ್ತದೆ.